ಮಾವ, ಭಾವ, ಚಿಕ್ಕಪ್ಪ ಇಂಗ್ಲಿಷಿಗೆ ಹೋದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡದಿಂದ ಇಂಗ್ಲಿಷಿಗೆ ಕಥೆ, ಕಾಗದಪತ್ರ ಅನುವಾದ ಮಾಡುವುದು ನನ್ನ ಕೆಲಸ. ನನ್ನನ್ನು ಜಾಸ್ತಿ ತಡೆದು ನಿಲ್ಲಿಸುವುದು ಗಾದೆಗಳಲ್ಲ, ಬೈಗುಳಗಳೂ ಅಲ್ಲ. ಮನೆಯವರನ್ನು ಕರೆಯುವ ಪುಟ್ಟ ಪುಟ್ಟ ಪದಗಳು. ಈ ಕೆಲಸಕ್ಕೆ ಹೊಸದಾಗಿ ಬಂದವರು, ವಿದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವವರು, ಅರ್ಜಿ ತುಂಬಲು ಕೂತವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಹೆಚ್ಚಿನ ಮಾತು ಮಾವ ಮತ್ತು ಭಾವನ ಬಗ್ಗೆಯೇ ಇದೆ. ಅನುವಾದದಲ್ಲಿ ಜಾಸ್ತಿ ಪೆಟ್ಟು ತಿನ್ನುವುದು ಆ ಎರಡೇ.

ಸೋದರಮಾವನನ್ನು 'ಅಂಕಲ್' ಅಂತ ಬರೆದರೆ ತಪ್ಪೇನು? ಡಿಕ್ಷನರಿಯಲ್ಲೂ ಹಾಗೇ ಇದೆಯಲ್ಲ?

ತಪ್ಪಲ್ಲ, ಆದರೆ ಸಾಲದು. ಅಂಕಲ್ ಅನ್ನುವ ಒಂದೇ ಪದದೊಳಗೆ ನಮ್ಮ ಎಷ್ಟು ಜನ ಇದ್ದಾರೆ ನೋಡಿ. ಅಪ್ಪನ ಅಣ್ಣ ದೊಡ್ಡಪ್ಪ. ಅಪ್ಪನ ತಮ್ಮ ಚಿಕ್ಕಪ್ಪ. ಅಮ್ಮನ ಅಕ್ಕನ ಗಂಡನೂ ದೊಡ್ಡಪ್ಪ, ಅಮ್ಮನ ತಂಗಿಯ ಗಂಡನೂ ಚಿಕ್ಕಪ್ಪ. ಅಮ್ಮನ ಅಣ್ಣನೋ ತಮ್ಮನೋ ಆದರೆ ಸೋದರಮಾವ. ಅಪ್ಪನ ಅಕ್ಕತಂಗಿಯರ ಗಂಡನೂ ಮಾವನೇ.

ಈಗ ಗೆರೆ ಎಲ್ಲಿದೆ ಅಂತ ಗಮನಿಸಿ. ರಕ್ತಸಂಬಂಧ ಒಂದು ಕಡೆ, ಮದುವೆಯಿಂದ ಬಂದವರು ಇನ್ನೊಂದು ಕಡೆ ಅಂತ ಕನ್ನಡ ಭಾಗ ಮಾಡಿಲ್ಲ. 'ಅಪ್ಪ' ಅನ್ನಿಸಿಕೊಳ್ಳುವವರು ಒಂದು ಕಡೆ, 'ಮಾವ' ಅನ್ನಿಸಿಕೊಳ್ಳುವವರು ಇನ್ನೊಂದು ಕಡೆ. ದೊಡ್ಡಪ್ಪ, ಚಿಕ್ಕಪ್ಪ ಹೆಸರಲ್ಲೇ ಅಪ್ಪಂದಿರು. ಅವರ ಮಕ್ಕಳು ನಮಗೆ ಅಣ್ಣ, ತಮ್ಮ, ಅಕ್ಕ, ತಂಗಿ. ಅವರನ್ನು ಮದುವೆಯಾಗುವ ಮಾತೇ ಇಲ್ಲ. ಮಾವ ಹಾಗಲ್ಲ. ಅವನ ಮಗಳನ್ನು ತಂದುಕೊಳ್ಳುವುದು ನಮ್ಮ ಅನೇಕ ಮನೆತನಗಳಲ್ಲಿ ರೂಢಿಯಲ್ಲಿದ್ದ ಮಾತು. ಅಂಕಲ್ ಅಂದ ಕೂಡಲೇ ಈ ಗೆರೆ ಅಳಿಸಿಹೋಗುತ್ತದೆ. ಆಮೇಲೆ ಕಥೆಯಲ್ಲಿ ಯಾರು ಯಾರಿಗೆ ಏನಾಗಬಹುದು ಅನ್ನುವುದೇ ಓದುವವರಿಗೆ ತಿಳಿಯುವುದಿಲ್ಲ.

ಹಾಗಾದರೆ ಹೆಂಡತಿಯ ಅಪ್ಪನನ್ನೂ ಮಾವ ಅನ್ನುವುದು ಯಾಕೆ?

ಉತ್ತರ ಮೇಲಿನ ಮಾತಿನಲ್ಲೇ ಇದೆ. ಸೋದರಮಾವನ ಮಗಳನ್ನು ಮದುವೆಯಾದರೆ ಸೋದರಮಾವನೇ ಹೆಣ್ಣು ಕೊಟ್ಟ ಮಾವ. ಸೋದರತ್ತೆಯ ಮಗನನ್ನು ಮದುವೆಯಾದರೆ ಸೋದರತ್ತೆಯೇ ಗಂಡನ ತಾಯಿ ಅತ್ತೆ. ಇಬ್ಬರಿಗೆ ಒಂದೇ ಪದ ಸಾಕಾಗಿತ್ತು, ಯಾಕೆಂದರೆ ಎಷ್ಟೋ ಸಲ ಇಬ್ಬರೂ ಒಬ್ಬರೇ. ಮದುವೆ ಹೊರಗಿನ ಸಂಬಂಧದಲ್ಲಿ ಆದರೂ ಪದ ಹಾಗೇ ಉಳಿದುಕೊಂಡಿತು. ಅಳಿಯ, ಸೊಸೆ ಪದಗಳೂ ಹೀಗೇ. ಮಗಳ ಗಂಡನೂ ಅಳಿಯ, ಗಂಡಸಿಗೆ ಅಕ್ಕತಂಗಿಯರ ಮಗನೂ ಅಳಿಯ. ಬಿಡಿಸಿ ಹೇಳಬೇಕಾದಾಗ ಮಾತ್ರ ಸೋದರಳಿಯ ಅನ್ನುತ್ತೇವೆ.

ತಮಿಳು, ತೆಲುಗಿನಲ್ಲೂ ಲೆಕ್ಕ ಹೀಗೇ ಇದೆ. ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ ಜಗತ್ತಿನ ಬೇರೆ ಬೇರೆ ಜನರ ಸಂಬಂಧದ ಪದಗಳನ್ನು ಪಟ್ಟಿ ಮಾಡಿ 1871ರಲ್ಲಿ ಪ್ರಕಟಿಸಿದರು. ಅದರಲ್ಲಿ ಕನ್ನಡದ ಪಟ್ಟಿಯೂ ಇದೆ. ಅಪ್ಪನ ಅಣ್ಣತಮ್ಮಂದಿರು ಅಪ್ಪಂದಿರು, ಅಮ್ಮನ ಅಣ್ಣತಮ್ಮಂದಿರು ಬೇರೆ ಅನ್ನುವ ಲೆಕ್ಕವನ್ನು ಅವರು ಮೊದಲು ಕಂಡದ್ದು ತಮ್ಮ ಊರಿನ ಕಡೆಯ ಇರೊಕ್ವಾ ಬುಡಕಟ್ಟಿನಲ್ಲಿ. ಅದೇ ಗೆರೆ ಅಷ್ಟು ದೂರದ ದಕ್ಷಿಣ ಭಾರತದಲ್ಲೂ ಸಿಕ್ಕಿತು.

ಇಂಗ್ಲಿಷಿನಲ್ಲಿ ಮೊದಲಿನಿಂದಲೂ ಒಂದೇ ಪದ ಇತ್ತಾ?

ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ಅಮ್ಮನ ಅಣ್ಣತಮ್ಮಂದಿರಿಗೆ 'ಏಅಮ್' ಅನ್ನುವ ಪದವಿತ್ತು, ಅಪ್ಪನ ಕಡೆಯವರಿಗೆ 'ಫೆಡೆರ' ಇತ್ತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಪದಗಳು ಒಳಗೆ ಬಂದವು. ಅವುಗಳ ಜೊತೆ ಬಂದ ಅಂಕಲ್ ಎರಡನ್ನೂ ನುಂಗಿತು. ನನಗೆ ಇಷ್ಟವಾದ ಸಂಗತಿ ಇನ್ನೊಂದಿದೆ. ಅಂಕಲ್ ಪದದ ಬೇರು ಲ್ಯಾಟಿನ್ನಿನ 'ಅವಂಕುಲುಸ್'. ಅದರ ಅರ್ಥ ಅಮ್ಮನ ಸೋದರ ಅಂತ ಮಾತ್ರ. ಅಪ್ಪನ ಸೋದರನಿಗೆ ಲ್ಯಾಟಿನ್ನಿನಲ್ಲಿ ಬೇರೆಯೇ ಪದ, 'ಪತ್ರೂಸ್'. ಅಂದರೆ ಅಂಕಲ್ ಹುಟ್ಟಿದ್ದು ಸೋದರಮಾವನಾಗಿಯೇ!

ಮೂಲದಲ್ಲಿ ಬರೀ 'ಮಾವ' ಅಂತಿದೆ. ಸೋದರಮಾವನೋ, ಹೆಣ್ಣು ಕೊಟ್ಟ ಮಾವನೋ ಗೊತ್ತಾಗುವುದು ಹೇಗೆ?

ಇಲ್ಲಿ ನಾನೇ ಎಡವಿದ್ದೇನೆ. ಒಂದು ಮನೆಯವರ ಹಳೆಯ ಪತ್ರಗಳನ್ನು ಇಂಗ್ಲಿಷಿಗೆ ತರುತ್ತಿದ್ದೆ. 'ಮಾವನವರು ಬಿತ್ತನೆ ಮುಗಿಸಿ ಬಂದು ಎರಡು ದಿನ ಇದ್ದರು' ಅಂತ ಒಂದು ಸಾಲು. ಸುಮ್ನೆ ಅಂಕಲ್ ಅಂತ ಹಾಕಿದೆ. ನಾಲ್ಕನೇ ಪತ್ರಕ್ಕೆ ಬಂದಾಗ ಅವರು ಬರೆದವರ ಹೆಂಡತಿಯ ತಂದೆ ಅಂತ ಗೊತ್ತಾಯಿತು. ಅಷ್ಟರಲ್ಲಿ ಮೊದಲ ಮೂರು ಪತ್ರಗಳನ್ನು ಕಳಿಸಿಬಿಟ್ಟಿದ್ದೆ. ವಿದೇಶದಲ್ಲಿದ್ದ ಮೊಮ್ಮಗಳು ಅದನ್ನು ಓದಿ, ಇಲ್ಲದ ಒಬ್ಬ ಮುದುಕನನ್ನು ವಂಶವೃಕ್ಷದಲ್ಲಿ ಸೇರಿಸಿಕೊಂಡಿದ್ದಳು. ಅವಳಿಗೆ ಫೋನ್ ಮಾಡಿ ತಿದ್ದಿಸಬೇಕಾಯಿತು.

ಅಂದಿನಿಂದ ಮೂರು ಗುರುತು ನೋಡುತ್ತೇನೆ. ಮೊದಲನೆಯದು ಗೌರವ. ಹೆಣ್ಣು ಕೊಟ್ಟ ಮಾವ ಬಹುತೇಕ 'ಮಾವನವರು', 'ಬಂದರು', 'ಹೇಳಿದರು'. ಸೋದರಮಾವ, ಅದರಲ್ಲೂ ಅಮ್ಮನ ತಮ್ಮನಾದರೆ, ಎಷ್ಟೋ ಮನೆಗಳಲ್ಲಿ 'ಮಾವ ಬಂದ', 'ಬಾರೋ ಮಾವ'. ಎರಡನೆಯದು ಹೆಸರು. ಮನೆಯಲ್ಲಿ ಸೋದರಮಾವಂದಿರು ನಾಲ್ಕಾರು ಜನ ಇರುತ್ತಾರೆ. ಹಾಗಾಗಿ ಸೀನು ಮಾವ, ರಾಜು ಮಾವ ಅಂತ ಹೆಸರು ಅಂಟಿಸಿ ಕರೆಯುತ್ತೇವೆ. ಹೆಣ್ಣು ಕೊಟ್ಟ ಮಾವ ಒಬ್ಬರೇ, ಅವರಿಗೆ ಹೆಸರು ಅಂಟಿಸುವುದು ಕಡಿಮೆ. ಮೂರನೆಯದು, ಮಾತಾಡುತ್ತಿರುವವರ ವಯಸ್ಸು. ಹತ್ತು ವರ್ಷದ ಹುಡುಗನ ಮಾವ ಸೋದರಮಾವನೋ ಅತ್ತೆಯ ಗಂಡನೋ ಆಗಿರಲೇಬೇಕು. ಈ ಮೂರರಿಂದಲೂ ತಿಳಿಯದಿದ್ದರೆ ಪೂರ್ತಿ ಓದಿ ಮುಗಿಸುವವರೆಗೆ ಆ ಪದವನ್ನು ಅನುವಾದ ಮಾಡದೆ ಬಿಡಿ, ಕೆಂಪು ಗುರುತು ಹಾಕಿಡಿ.

ಅಕ್ಕನ ಮಗಳನ್ನು ಸೋದರಮಾವ ಮದುವೆಯಾದ ಕಥೆ ಇದೆ. ಇಂಗ್ಲಿಷಿನಲ್ಲಿ ಬರೆದರೆ ಓದುವವರು ಬೆಚ್ಚಿಬೀಳುತ್ತಾರೆ. ಏನು ಮಾಡಲಿ?

ಒಂದು ಮನೆಯನ್ನೇ ತೆಗೆದುಕೊಂಡು ನೋಡೋಣ. ರತ್ನ ಅಕ್ಕ, ಶಿವು ತಮ್ಮ. ರತ್ನಳ ಗಂಡ ನಂಜಪ್ಪ, ಮಗಳು ಗೀತಾ. ಶಿವುಗೆ ನಂಜಪ್ಪ ಭಾವ. ಗೀತಾಳಿಗೆ ಶಿವು ಮಾವ. ಅವಳ ಕಿವಿ ಚುಚ್ಚುವಾಗ ತೊಡೆಯ ಮೇಲೆ ಕೂರಿಸಿಕೊಂಡವನೂ ಅವನೇ. ಮುಂದೆ ಗೀತಾಳನ್ನು ಶಿವುಗೇ ಕೊಟ್ಟು ಮದುವೆ ಮಾಡುತ್ತಾರೆ. ಈಗ ಶಿವುಗೆ ಅಕ್ಕನೇ ಅತ್ತೆ, ಭಾವನೇ ಮಾವ. ಗೀತಾಳಿಗೆ ಅಮ್ಮನ ಅಮ್ಮನೇ ಅತ್ತೆ. ಆದರೆ ಬಾಯಲ್ಲಿ ಇದ್ಯಾವುದೂ ಬದಲಾಗುವುದಿಲ್ಲ. ಶಿವು ಅಕ್ಕ, ಭಾವ ಅಂತಲೇ ಕರೆಯುತ್ತಾನೆ. ಗೀತಾ ಅಜ್ಜಿ ಅಂತಲೇ ಕರೆಯುತ್ತಾಳೆ. ಎಷ್ಟೋ ಹೆಂಗಸರು ಗಂಡನನ್ನು ಕೊನೆಯವರೆಗೂ 'ಮಾವ' ಅಂತಲೇ ಕೂಗುತ್ತಾರೆ.

ಇದನ್ನು 'ಅಂಕಲ್ ನೀಸ್‌ಳನ್ನು ಮದುವೆಯಾದ' ಅಂತ ಬರೆದರೆ, ಚಿಕ್ಕಪ್ಪ ಅಣ್ಣನ ಮಗಳನ್ನು ಮದುವೆಯಾದ ಅಂತಲೂ ಓದಬಹುದು. ಅದು ನಮಗೂ ಘೋರ. ಚಿಕ್ಕಪ್ಪ ಅಪ್ಪನ ಸಮ, ಅವನಿಗೆ ಅವಳು ಮಗಳೇ. ಮೂಲದಲ್ಲಿ ಸಹಜವಾಗಿದ್ದದ್ದು, ಮೂಲದಲ್ಲಿ ಯೋಚನೆಗೂ ಬಾರದ್ದು, ಎರಡೂ ಅನುವಾದದಲ್ಲಿ ಒಂದೇ ಆಗಿಬಿಡುತ್ತದೆ. ನನ್ನ ದೃಷ್ಟಿಯಲ್ಲಿ ಇದು ಬೆಚ್ಚಿಬೀಳುವುದಕ್ಕಿಂತ ದೊಡ್ಡ ನಷ್ಟ.

ಹಾಗಾಗಿ ನಾನು ಎರಡು ಕೆಲಸ ಮಾಡುತ್ತೇನೆ. ಮೊದಲ ಪುಟಗಳಲ್ಲೇ ಶಿವುವನ್ನು 'ಅವಳ ತಾಯಿಯ ತಮ್ಮ' ಅಂತ ಬಿಡಿಸಿ ಹೇಳಿ, ಅಲ್ಲಿಂದ ಮುಂದೆ ಮಾವ ಅನ್ನುವ ಕನ್ನಡ ಪದವನ್ನೇ ಉಳಿಸುತ್ತೇನೆ. ಅಂಕಲ್ ಒಮ್ಮೆಯೂ ಬರಬಾರದು. ಎರಡನೆಯದಾಗಿ, ಮದುವೆಗೆ ಮುಂಚೆ ಕಥೆಯಲ್ಲಿ ಬರುವ ಸುಳಿವುಗಳನ್ನು ಕಾಯುತ್ತೇನೆ. 'ಶಿವು ಇರುವಾಗ ಬೇರೆ ಗಂಡು ಯಾಕೆ' ಅಂತ ಅಜ್ಜಿ ಅನ್ನುವ ಮಾತು ಕನ್ನಡದವರಿಗೆ ಸಾಕು. ಇಂಗ್ಲಿಷಿನಲ್ಲಿ ಅದನ್ನು ಮೊಟಕು ಮಾಡದೆ ಪೂರ್ತಿ ಬರೆಯಬೇಕು. ಆಗ ಓದುವವರಿಗೆ ಮದುವೆ ಬರುವ ಹೊತ್ತಿಗೆ ದಾರಿ ಕಂಡಿರುತ್ತದೆ. ಅವರಿಗೆ ಒಪ್ಪಿಗೆಯಾಗಬೇಕು ಅಂತಿಲ್ಲ, ತಿಳಿದರೆ ಸಾಕು.

ಕಾನೂನಿನ ಮಾತನ್ನೂ ಕೇಳುತ್ತಾರೆ. 1955ರ ಹಿಂದೂ ವಿವಾಹ ಕಾಯ್ದೆ 'ಅಂಕಲ್ ಮತ್ತು ನೀಸ್' ಮದುವೆಯನ್ನು ನಿಷೇಧಿತ ಸಂಬಂಧಗಳಲ್ಲಿ ಸೇರಿಸಿದೆ. ಆದರೆ ಇಬ್ಬರ ಕಡೆಯಲ್ಲೂ ರೂಢಿ ಇದ್ದರೆ ಆಗಬಹುದು ಅಂತ ಬಿಟ್ಟಿದೆ. ಆ ರೂಢಿ ಇರುವುದು ಸೋದರಮಾವನಿಗೆ, ಚಿಕ್ಕಪ್ಪನಿಗಲ್ಲ. ಕಾಯ್ದೆಯ ಪದ ಮಾತ್ರ ಇಬ್ಬರಿಗೂ ಒಂದೇ.

ಭಾವ ಅಂದರೆ 'ಬ್ರದರ್-ಇನ್-ಲಾ' ಅಂತ ಬರೆದರೆ ಸಾಕಲ್ಲವಾ?

ಅರ್ಜಿಗೆ ಸಾಕಾಗಬಹುದು, ಕಥೆಗೆ ಸಾಲದು. ಅಕ್ಕನ ಗಂಡ ಭಾವ. ಗಂಡನ ಅಣ್ಣನೂ ಭಾವ. ಹೆಂಡತಿಯ ಅಣ್ಣನೂ ಭಾವ. ಸೋದರಮಾವನ ಮಗ ನಮಗಿಂತ ದೊಡ್ಡವನಾದರೆ ಅವನೂ ಎಷ್ಟೋ ಕಡೆ ಭಾವ, ಯಾಕೆಂದರೆ ಲೆಕ್ಕದಲ್ಲಿ ಅವನು ಅಕ್ಕನನ್ನು ಮದುವೆಯಾಗಬಹುದಾದವನು. ಇವರೆಲ್ಲರಿಗೂ ಸಮಾನವಾದದ್ದು ಒಂದೇ. ಇವರು ನಮಗಿಂತ ದೊಡ್ಡ ಸ್ಥಾನದಲ್ಲಿರುವವರು. ಚಿಕ್ಕವನಾದರೆ ಅವನು ಮೈದುನ. ಇಂಗ್ಲಿಷಿನ ಪದದಲ್ಲಿ ಈ ದೊಡ್ಡ ಚಿಕ್ಕ ಅನ್ನುವುದೇ ಇಲ್ಲ.

ಇದರಿಂದ ಆಗುವ ತೊಂದರೆ ನೋಡಿ. ಕೂಡು ಕುಟುಂಬದ ಕಥೆಯಲ್ಲಿ ಸೊಸೆಯೊಬ್ಬಳಿಗೆ ಒಬ್ಬ ಭಾವ, ಇಬ್ಬರು ಮೈದುನರು. ಭಾವ ಜಗಲಿಗೆ ಬಂದರೆ ಅವಳು ಸೆರಗು ಸರಿಮಾಡಿಕೊಂಡು ಒಳಗೆ ಹೋಗುತ್ತಾಳೆ. ಮೈದುನ ಬಂದರೆ ತಲೆ ಮೇಲೆ ಮೊಟಕಿ ಕಾಫಿ ಕೊಡುತ್ತಾಳೆ. ಇಂಗ್ಲಿಷಿನಲ್ಲಿ ಮೂವರೂ ಬ್ರದರ್-ಇನ್-ಲಾ. ಒಬ್ಬರನ್ನು ಕಂಡರೆ ಯಾಕೆ ಒಳಗೆ ಓಡಿದಳು, ಇನ್ನೊಬ್ಬನ ತಲೆಗೆ ಯಾಕೆ ಮೊಟಕಿದಳು? ಓದುವವರು ಮನಸ್ಸಿಗೆ ಬಂದ ಕಾರಣ ಹುಡುಕಿಕೊಳ್ಳುತ್ತಾರೆ, ಭಾವ ಕೆಟ್ಟವನಿರಬೇಕು ಅಂದುಕೊಳ್ಳುತ್ತಾರೆ. ಅವನು ಏನೂ ಮಾಡಿಲ್ಲ, ಬರೀ ಗಂಡನ ಅಣ್ಣ. ಇಂಥ ಕಡೆ ಮೊದಲ ಸಲ 'ಗಂಡನ ಅಣ್ಣ', 'ಗಂಡನ ತಮ್ಮ' ಅಂತ ಬರೆದುಬಿಡಿ. ಎರಡು ಪದ ಜಾಸ್ತಿಯಾದರೆ ಆಗಲಿ.

ಇನ್ನೊಂದು ಮಾತು ಮರೆಯಬೇಡಿ. ಒಬ್ಬರ ಬಗ್ಗೆ ಹೇಳುವುದು ಬೇರೆ, ಅವರನ್ನು ಕರೆಯುವುದು ಬೇರೆ. 'ನನ್ನ ಭಾವ ಮೈಸೂರಲ್ಲಿದ್ದಾರೆ' ಅನ್ನುವಾಗ 'ಅಕ್ಕನ ಗಂಡ' ಅಂತ ಬಿಡಿಸಬಹುದು. 'ಭಾವ, ಊಟಕ್ಕೆ ಬನ್ನಿ' ಅನ್ನುವಾಗ ಆಗುವುದಿಲ್ಲ. ಇಂಗ್ಲಿಷಿನವರು ಯಾರನ್ನೂ ಬ್ರದರ್-ಇನ್-ಲಾ ಅಂತ ಕೂಗುವುದಿಲ್ಲ, ಹೆಸರು ಹಿಡಿದು ಕೂಗುತ್ತಾರೆ. ಹಾಗಂತ ಅನುವಾದದಲ್ಲಿ ಭಾವನಿಗೆ ಹೆಸರು ಹಿಡಿದು ಕೂಗಿಸಿದರೆ, ಭಾವನ ಹೆಸರನ್ನು ಎಂದೂ ಬಾಯಲ್ಲಿ ತಾರದ ಹುಡುಗಿ ಉದ್ಧಟಳಾಗಿಬಿಡುತ್ತಾಳೆ. ಕರೆಯುವಾಗ 'ಭಾವ' ಅನ್ನುವುದನ್ನೇ ಇಡಿ. ನಾನು ಬೇರೆ ಎಲ್ಲ ಉಪಾಯ ಮಾಡಿ ನೋಡಿ ಇದಕ್ಕೇ ಬಂದು ನಿಂತಿದ್ದೇನೆ.

ಸಿನಿಮಾ ಸಬ್‌ಟೈಟಲ್‌ನಲ್ಲಿ ಜಾಗ ಎಲ್ಲಿರುತ್ತದೆ?

ನಿಜ, ಇರುವುದಿಲ್ಲ. ಸಾಮಾನ್ಯವಾಗಿ ಎರಡು ಸಾಲು, ಒಂದು ಸಾಲಿಗೆ 42 ಅಕ್ಷರದ ಆಸುಪಾಸು. 'ತಾಯಿಯ ತಮ್ಮ' ಅಂತ ಪ್ರತಿ ಸಲ ಬರೆಯಲು ಆಗುವುದಿಲ್ಲ. ಆದರೆ ಪರದೆಯ ಮೇಲೆ ಮುಖ ಕಾಣುತ್ತದೆ, ಅದೇ ದೊಡ್ಡ ಸಹಾಯ. ಆ ಮನುಷ್ಯ ಮೊದಲು ಬರುವ ದೃಶ್ಯದಲ್ಲಿ ಒಂದೇ ಒಂದು ಸಲ ಸಂಬಂಧ ಬಿಡಿಸಿ ಹೇಳಿ. ಆಮೇಲೆ ಮಾವ ಅಂತಲೇ ಬಿಟ್ಟರೂ ನೋಡುವವರ ಕಿವಿಗೆ ಅದೇ ಪದ ಬೀಳುತ್ತಿರುತ್ತದೆ, ಕಣ್ಣಿಗೂ ಅದೇ ಸಿಗುತ್ತದೆ. ಜಗಳದ ದೃಶ್ಯದಲ್ಲಿ ಮಾತು ಓಡುತ್ತಿರುವಾಗ ಸಂಬಂಧದ ಪದವನ್ನೇ ಬಿಟ್ಟುಬಿಡುವುದೂ ಸರಿ.

ದೊಡ್ಡಪ್ಪನ ಮಗ ನನಗೆ ಅಣ್ಣ. ಅರ್ಜಿಯಲ್ಲಿ 'ಬ್ರದರ್' ಅಂತ ಬರೆಯಬಹುದಾ?

ಬೇಡ. ಮನೆಯಲ್ಲಿ ಅವನು ಅಣ್ಣನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅರ್ಜಿ ಕೇಳುವುದು ಒಡಹುಟ್ಟಿದವರನ್ನು. ಎಲ್ಲಕ್ಕಿಂತ ಗಂಭೀರವಾದದ್ದು ಆಸ್ಪತ್ರೆಯ ಕಾಗದ. ಮೂತ್ರಪಿಂಡ ಕೊಡುವ ಮಾತು ಬಂದಾಗ 1994ರ ಅಂಗಾಂಗ ಕಸಿ ಕಾಯ್ದೆ ಮತ್ತು ಅದರ 2011ರ ತಿದ್ದುಪಡಿ ಹತ್ತಿರದ ಸಂಬಂಧಿ ಯಾರು ಅಂತ ಎಣಿಸಿ ಹೇಳಿವೆ. ಗಂಡ ಹೆಂಡತಿ, ಮಕ್ಕಳು, ಅಪ್ಪ ಅಮ್ಮ, ಒಡಹುಟ್ಟಿದವರು, ಅಜ್ಜ ಅಜ್ಜಿ, ಮೊಮ್ಮಕ್ಕಳು. ಅಷ್ಟೇ. ದೊಡ್ಡಪ್ಪನ ಮಗ, ಸೋದರಮಾವ, ಭಾವ ಯಾರೂ ಈ ಪಟ್ಟಿಯಲ್ಲಿಲ್ಲ. ಅವರು ಕೊಡುವುದಾದರೆ ಅನುಮತಿ ನೀಡುವ ಸಮಿತಿಯ ಮುಂದೆ ಹೋಗಬೇಕು. ಹಳ್ಳಿಯಿಂದ ಬಂದವರು 'ನಮ್ಮಣ್ಣ' ಅಂದದ್ದನ್ನು ಜೊತೆಗಿದ್ದವರು 'ಬ್ರದರ್' ಅಂತ ಬರೆಸಿದರೆ, ಗುರುತಿನ ಚೀಟಿಯಲ್ಲಿ ಅಪ್ಪನ ಹೆಸರು ಬೇರೆ ಕಂಡ ಕೂಡಲೇ ಅವರು ಸುಳ್ಳು ಹೇಳಿದಂತೆ ಆಗುತ್ತದೆ. ಪಾಪ, ಅವರು ಸುಳ್ಳು ಹೇಳಿಯೇ ಇಲ್ಲ. ಜೊತೆಯಲ್ಲಿ ಹೋಗುವವರು ಒಂದು ಪ್ರಶ್ನೆ ಕೇಳಿ: 'ಒಂದೇ ತಾಯಿಯ ಮಕ್ಕಳಾ?' ಅಲ್ಲ ಅಂದರೆ 'ಅಪ್ಪನ ಅಣ್ಣನ ಮಗ' ಅಂತ ಪೂರ್ತಿ ಬರೆಸಿ. ನಮ್ಮಲ್ಲಿ ಓಡಾಡುವ 'ಕಸಿನ್ ಬ್ರದರ್' ಅನ್ನುವ ಮಾತು ಹೊರದೇಶದವರಿಗೆ ಗೊಂದಲವೇ. ಕಸಿನ್ ಅಂದರೆ ಸಾಕು.

ಆಸ್ತಿ ಕಾಗದದಲ್ಲಿ ಚಿಕ್ಕಪ್ಪ, ಸೋದರಮಾವ ಬಂದರೆ?

ಅಂಕಲ್ ಅನ್ನುವುದನ್ನು ಪೂರ್ತಿ ಬಿಡಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಆ ಪದವನ್ನು ನೆಚ್ಚಿಕೊಂಡಿಲ್ಲ. ಅದು ಇಂಗ್ಲಿಷಿನಲ್ಲೇ ಇದ್ದರೂ ಎರಡನೇ ವರ್ಗದ ವಾರಸುದಾರರ ಪಟ್ಟಿಯಲ್ಲಿ 'ಫಾದರ್ಸ್ ಬ್ರದರ್', 'ಮದರ್ಸ್ ಬ್ರದರ್' ಅಂತ ಬಿಡಿಸಿಯೇ ಬರೆದಿದೆ. ಅಪ್ಪನ ಸೋದರ ಏಳನೇ ನಮೂದಿನಲ್ಲಿದ್ದಾನೆ, ಅಮ್ಮನ ಸೋದರ ಒಂಬತ್ತನೇ ನಮೂದಿನಲ್ಲಿ. ಮೇಲಿನ ನಮೂದಿನವರು ಇದ್ದರೆ ಕೆಳಗಿನವರಿಗೆ ಪಾಲಿಲ್ಲ. ಉಯಿಲು ಬರೆಯದೆ ತೀರಿಕೊಂಡವನಿಗೆ ಹೆಂಡತಿ, ಮಕ್ಕಳು, ಅಪ್ಪ, ಅಮ್ಮ, ಒಡಹುಟ್ಟಿದವರು ಮುಂತಾದ ಮುಂದಿನ ಸಾಲಿನವರು ಯಾರೂ ಇಲ್ಲ, ಒಬ್ಬ ಚಿಕ್ಕಪ್ಪ ಮತ್ತು ಒಬ್ಬ ಸೋದರಮಾವ ಇದ್ದಾರೆ ಅಂದುಕೊಳ್ಳಿ. ಆಸ್ತಿ ಚಿಕ್ಕಪ್ಪನಿಗೆ. ವಂಶವೃಕ್ಷದ ಅನುವಾದದಲ್ಲಿ ಇಬ್ಬರನ್ನೂ ಅಂಕಲ್ ಅಂತ ಬರೆದರೆ ಆ ಕಾಗದ ಕೆಲಸಕ್ಕೇ ಬರುವುದಿಲ್ಲ.

ಇಲ್ಲೇ ಇನ್ನೊಂದು ಎಚ್ಚರ. ಚಿಕ್ಕಪ್ಪ ಅಂದರೆ ಅಪ್ಪನ ತಮ್ಮನೇ ಆಗಬೇಕಿಲ್ಲ, ಅಮ್ಮನ ತಂಗಿಯ ಗಂಡನೂ ಆಗಬಹುದು. ಅವನು ಈ ಪಟ್ಟಿಯಲ್ಲೇ ಇಲ್ಲ. ಕಾಗದ ಕೊಟ್ಟವರನ್ನು ಕೇಳದೆ ಬರೆಯಬೇಡಿ.

ಊರಿಂದ ಊರಿಗೆ ಪದ ಬದಲಾಗುತ್ತದಲ್ಲ?

ಬದಲಾಗುತ್ತದೆ. ಬೆಳಗಾವಿ, ಧಾರವಾಡದ ಕಡೆ ಚಿಕ್ಕಪ್ಪ ಕಾಕಾ ಆಗುತ್ತಾನೆ, ಅತ್ತಿಗೆ ವೈನಿ ಆಗುತ್ತಾಳೆ. ತಂಗಿಯ ಗಂಡನಿಗೆ ಏನನ್ನುತ್ತಾರೆ ಅನ್ನುವುದು ಮನೆಯಿಂದ ಮನೆಗೇ ಬೇರೆ. ಇದರಿಂದ ಅನುವಾದಕ್ಕೆ ಅಷ್ಟು ತೊಂದರೆಯಿಲ್ಲ. ನಿಜವಾದ ಅಪಾಯ ಕರಾವಳಿಯ 'ಅಳಿಯ'. ಅಲ್ಲಿ ಅಳಿಯಕಟ್ಟು ಅಥವಾ ಅಳಿಯಸಂತಾನ ನಡೆಸಿಕೊಂಡು ಬಂದ ಮನೆತನಗಳಲ್ಲಿ ಆಸ್ತಿ ಹೆಣ್ಣಿನ ಸಾಲಿನಲ್ಲಿ ಇಳಿಯುತ್ತಿತ್ತು. 1949ರಲ್ಲಿ ಮದರಾಸು ಸರ್ಕಾರ ಇದಕ್ಕೆ ಕಾಯ್ದೆಯನ್ನೇ ಮಾಡಿತ್ತು. ಅಲ್ಲಿನ ಕಥೆಯಲ್ಲಿ 'ಯಜಮಾನಿಕೆ ಅಳಿಯನಿಗೆ ಹೋಯಿತು' ಅಂತ ಬಂದರೆ ಅದು ಅಕ್ಕತಂಗಿಯರ ಮಗನಿಗೆ. ಅದನ್ನು 'ಸನ್-ಇನ್-ಲಾ' ಅಂತ ಮಾಡಿದರೆ ಮನೆ ಬೇರೆಯವರ ಕೈಗೆ ಹೋಗಿಬಿಡುತ್ತದೆ, ಸ್ವಂತ ಮಗನಿಗೂ ಅಪ್ಪನಿಗೂ ಇರುವ ಮುನಿಸಿಗೆ ಕಾರಣವೇ ಸಿಗುವುದಿಲ್ಲ.

ಇಂಗ್ಲಿಷಿನಲ್ಲಿ ಪದವೇ ಇಲ್ಲದವರು ಯಾರು?

ಬೀಗರು. ಮಗನಿಗೋ ಮಗಳಿಗೋ ಮದುವೆಯಾದ ಮೇಲೆ ಎರಡು ಕಡೆಯ ಅಪ್ಪ ಅಮ್ಮಂದಿರು ಒಬ್ಬರಿಗೊಬ್ಬರು ಏನಾಗಬೇಕು ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ದಿನಬಳಕೆಯ ಪದವಿಲ್ಲ. ಗಂಡನ ಅಣ್ಣತಮ್ಮಂದಿರ ಹೆಂಡತಿ ಓರಗಿತ್ತಿ, ಹೆಂಡತಿಯ ಅಕ್ಕತಂಗಿಯರ ಗಂಡ ಷಡ್ಡಕ, ಇವರಿಬ್ಬರಿಗೂ ಸ್ವಂತ ಪದವಿಲ್ಲ. ಬಿಡಿಸಿ ಬರೆಯಿರಿ, ಇಲ್ಲವೇ ಕನ್ನಡ ಪದ ಉಳಿಸಿ. ಬೀಗರ ಊಟವನ್ನು ಮಾತ್ರ ಉಳಿಸಲೇಬೇಕು ಅನ್ನುವುದು ನನ್ನ ಹಟ.

ಕನ್ನಡ ಪದ ಉಳಿಸಿದರೆ ಕೊನೆಯಲ್ಲಿ ಪದಗಳ ಪಟ್ಟಿ ಕೊಡಬೇಕಾ?

ನಾನು ಕೊಡುವುದಿಲ್ಲ. ಓದುವವರು ಪ್ರತಿ ಸಲ ಪುಟ ತಿರುಗಿಸಿ ಕೊನೆಗೆ ಹೋಗಿ ಬರುವುದಿಲ್ಲ. ಅರ್ಥ ಸಾಲಿನೊಳಗೇ ಸಿಗಬೇಕು. ಒಂದು ಕಥೆಗೆ ನಾಲ್ಕು ಪದಕ್ಕಿಂತ ಜಾಸ್ತಿ ಉಳಿಸುವುದೂ ಇಲ್ಲ. ಅಕ್ಕ, ಅಣ್ಣ, ಮಾವ, ಭಾವ ಉಳಿದರೆ ಉಳಿದವರನ್ನು ಬಿಡಿಸಿ ಹೇಳಬಹುದು. ಕಥೆಯಲ್ಲಿ ಹದಿನೈದು ಇಪ್ಪತ್ತು ನೆಂಟರು ಬಂದರೆ ಮಾತ್ರ ಮೊದಲ ಪುಟಕ್ಕೂ ಮುಂಚೆ ಒಂದು ವಂಶವೃಕ್ಷದ ಚಿತ್ರ ಹಾಕಿಸಿ. ಅದನ್ನು ಅನುವಾದ ಶುರುಮಾಡುವ ಮೊದಲು ನಿಮಗಾಗಿಯೇ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಹೆಣ್ಣು ಯಾವ ಮನೆಯಿಂದ ಯಾವ ಮನೆಗೆ ಹೋದಳು ಅಂತ ಬಾಣ ಎಳೆದರೆ, ಯಾರು ಯಾರಿಗೆ ಮಾವ ಅನ್ನುವುದು ಅಲ್ಲೇ ಕಾಣುತ್ತದೆ.